ಕೀಟನಾಶಕ ಮತ್ತು ಆತ್ಮಹತ್ಯೆ ತಡೆ: ರಾಯಚೂರು ಭಾಗದ ಆರೋಗ್ಯ ಯೋಜಕರು ಪದೇ ಪದೇ ಕೇಳುವ ಪ್ರಶ್ನೆಗಳು

ಜಿಲ್ಲಾ ಆರೋಗ್ಯ ಕಚೇರಿ, ಮಾನಸಿಕ ಆರೋಗ್ಯ ಕಾರ್ಯಕ್ರಮ, ತಾಲ್ಲೂಕು ಆಸ್ಪತ್ರೆ ಮತ್ತು ಕೃಷಿ ಇಲಾಖೆಯವರು ಒಟ್ಟಿಗೆ ಕೂತು ಯೋಜನೆ ಬರೆಯುವಾಗ ಬರುವ ಪ್ರಶ್ನೆಗಳಿವು. ಸಿಂಧನೂರು, ಮಾನ್ವಿ, ಗಂಗಾವತಿ, ಕಾರಟಗಿ, ಸಿರುಗುಪ್ಪದಂಥ ನೀರಾವರಿ ಊರುಗಳನ್ನು ಮನಸ್ಸಿನಲ್ಲಿಟ್ಟು ಉತ್ತರ ಬರೆದಿದೆ. ಓದುವಾಗ ನಿಮ್ಮ ಮನಸ್ಸಿಗೇ ಭಾರವಾದರೆ, ಅಥವಾ ಮನೆಯಲ್ಲಿ ಯಾರ ಬಗ್ಗೆಯಾದರೂ ಚಿಂತೆಯಿದ್ದರೆ, 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸಾಯಬೇಕು ಅಂತ ತೀರ್ಮಾನಿಸಿದವರು ಎಣ್ಣೆ, ಅಂದರೆ ಕೀಟನಾಶಕ, ಸಿಗದಿದ್ದರೆ ಬೇರೆ ದಾರಿ ಹುಡುಕುವುದಿಲ್ಲವೇ?

ಸಭೆಯಲ್ಲಿ ಮೊದಲು ಏಳುವ ಪ್ರಶ್ನೆ ಇದೇ. ಇದಕ್ಕೆ ಉತ್ತರ ಸಿಗದೆ ಯೋಜನೆ ಮುಂದೆ ಹೋಗುವುದಿಲ್ಲ.

ನಮ್ಮ ಕಲ್ಪನೆಯಲ್ಲಿ ಆತ್ಮಹತ್ಯೆ ಅಂದರೆ ತಿಂಗಳುಗಟ್ಟಲೆ ಯೋಚಿಸಿ ಮಾಡಿದ ತೀರ್ಮಾನ. ಆದರೆ ಹಳ್ಳಿಗಳಲ್ಲಿ ವಿಷ ಕುಡಿದು ಬದುಕಿ ಉಳಿದವರನ್ನು ಕೇಳಿದಾಗ ಬೇರೆಯೇ ಚಿತ್ರ ಸಿಗುತ್ತದೆ. ಶ್ರೀಲಂಕಾದ ಆಸ್ಪತ್ರೆಗಳಲ್ಲಿ ಹೀಗೆ ಮಾತಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಜನ ಅರ್ಧ ಗಂಟೆಗಿಂತ ಕಡಿಮೆ ಯೋಚಿಸಿದ್ದರು. ಗಂಡ ಹೆಂಡಿರ ಜಗಳ, ಸಾಲದವನು ಮನೆ ಮುಂದೆ ಬಂದು ಆಡಿದ ಮಾತು, ಕುಡಿತ, ಅವಮಾನ. ಆ ಹೊತ್ತಿನಲ್ಲಿ ಕೈಗೆ ಏನು ಸಿಕ್ಕಿತೋ ಅದನ್ನೇ ತೆಗೆದುಕೊಂಡಿದ್ದರು. ಯಾವುದು ಹೆಚ್ಚು ವಿಷ, ಯಾವುದು ಕಡಿಮೆ ಅಂತ ತೂಗಿ ನೋಡಿದವರು ಬಹಳ ಕಡಿಮೆ.

ಆ ಬಿಕ್ಕಟ್ಟಿನ ಹೊತ್ತು ಕಳೆದುಹೋಗುತ್ತದೆ. ಒಮ್ಮೆ ಪ್ರಯತ್ನಿಸಿ ಬದುಕಿದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಹಾಗಾಗಿ ಆ ಹೊತ್ತಿನಲ್ಲಿ ಕೈಗೆ ಸಿಗುವ ವಸ್ತು ಕೊಲ್ಲುವಂಥದ್ದೋ ಅಲ್ಲವೋ ಅನ್ನುವುದರ ಮೇಲೆ ಜೀವ ನಿಂತಿರುತ್ತದೆ.

ಕೆಲವರು ಬೇರೆ ವಿಧಾನಕ್ಕೆ ಹೋಗಬಹುದು, ನಿಜ. ಆದರೆ ಇಡೀ ಜನಸಂಖ್ಯೆಯ ಲೆಕ್ಕ ತೆಗೆದರೆ ಒಟ್ಟು ಸಾವು ಇಳಿದಿರುವುದು ಕಾಣುತ್ತದೆ. ಶ್ರೀಲಂಕಾದಲ್ಲಿ 2011ರಿಂದ 2015ರ ನಡುವೆ ಕೀಟನಾಶಕದ ಆತ್ಮಹತ್ಯೆ ಪ್ರಮಾಣ 1 ಲಕ್ಷ ಜನರಿಗೆ 8.5ರಿಂದ 4.2ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಒಟ್ಟು ಆತ್ಮಹತ್ಯೆ ಪ್ರಮಾಣ 18.3ರಿಂದ 14.3ಕ್ಕೆ ಬಂತು. ಕೀಟನಾಶಕದಲ್ಲಿ ಎಷ್ಟು ಇಳಿಯಿತೋ ಹೆಚ್ಚುಕಡಿಮೆ ಅಷ್ಟೇ ಒಟ್ಟು ಲೆಕ್ಕದಲ್ಲೂ ಇಳಿದಿದೆ. ಜನ ಸುಮ್ನೆ ವಿಧಾನ ಬದಲಿಸಿದ್ದರೆ ಹೀಗಾಗುತ್ತಿರಲಿಲ್ಲ.

ಕೀಟನಾಶಕ ಅಂದಮೇಲೆ ಎಲ್ಲವೂ ವಿಷವೇ ಅಲ್ವಾ? ಒಂದೆರಡನ್ನು ತೆಗೆದರೆ ಏನು ವ್ಯತ್ಯಾಸ?

ಬಹಳ ವ್ಯತ್ಯಾಸ. ಈ ಇಡೀ ವಿಷಯದ ತಿರುಳೇ ಇದು.

ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ, ಹೆಚ್ಚುಕಡಿಮೆ ಒಂದೇ ಬೆಲೆಗೆ, ಒಂದೇ ಹುಳಕ್ಕೆ ಮಾರುವ ಬಾಟಲಿಗಳು ಮನುಷ್ಯನ ದೇಹದಲ್ಲಿ ಒಂದೇ ಥರ ಕೆಲಸ ಮಾಡುವುದಿಲ್ಲ. ಕೆಲವು ಉತ್ಪನ್ನ ಕುಡಿದು ಆಸ್ಪತ್ರೆಗೆ ಬಂದ ನೂರು ಜನರಲ್ಲಿ ಒಬ್ಬರೂ ಸಾಯದೆ ಇರಬಹುದು. ಇನ್ನು ಕೆಲವಕ್ಕೆ, ಒಳ್ಳೆಯ ಚಿಕಿತ್ಸೆ ಕೊಟ್ಟರೂ, ನೂರರಲ್ಲಿ ನಲವತ್ತಕ್ಕಿಂತ ಹೆಚ್ಚು ಜನ ಸಾಯುತ್ತಾರೆ. ಕುಡಿದವರ ಉದ್ದೇಶ ಎರಡೂ ಕಡೆ ಒಂದೇ, ಬಾಟಲಿ ಮಾತ್ರ ಬೇರೆ.

ಹಾಗಾಗಿ ನಮ್ಮ ಗುರಿ ಕೀಟನಾಶಕವನ್ನೇ ಹಳ್ಳಿಯಿಂದ ಹೊರಹಾಕುವುದಲ್ಲ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ನಾಡಿನಲ್ಲಿ ಅದು ಆಗದ ಮಾತು. ಜೀವ ತೆಗೆಯುವ ಕೆಲವೇ ಕೆಲವನ್ನು ಗುರುತಿಸಿ, ಅವುಗಳ ಜಾಗಕ್ಕೆ ಅದೇ ಹುಳಕ್ಕೆ ನಡೆಯುವ ಬೇರೆಯವು ಬರುವಂತೆ ನೋಡಿಕೊಳ್ಳಬೇಕು. ಯಾವ ಉತ್ಪನ್ನ ಹೆಚ್ಚು ಅಪಾಯ ಅನ್ನುವ ಪಟ್ಟಿಯನ್ನು ಈ ಪುಟದಲ್ಲಿ ಬೇಕೆಂದೇ ಹಾಕಿಲ್ಲ. ಅದು ಸಮಿತಿಯ ಕಡತದಲ್ಲಿರಬೇಕು. ಕರಪತ್ರ, ಭಿತ್ತಿಪತ್ರ, ವಾಟ್ಸಾಪ್ ಸಂದೇಶದಲ್ಲಿ ಬರಲೇಬಾರದು. ನೀವೂ ಇದನ್ನು ಪಾಲಿಸಿ.

ಬಾಟಲಿ ಮೇಲಿನ ಬಣ್ಣದ ತ್ರಿಕೋನ ನೋಡಿದರೆ ಸಾಲದೇ?

ಸಾಲದು. ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ಇಲಿಯಂಥ ಪ್ರಾಣಿಗಳ ಮೇಲಿನ ಪರೀಕ್ಷೆಯಿಂದ ಬಂದವು. ಸಿಂಪಡಿಸುವವರ ಎಚ್ಚರಿಕೆಗೆ ಅವು ಉಪಯೋಗ. ಆದರೆ ಮನುಷ್ಯ ಕುಡಿದಾಗ ಸಾವಿನ ಪ್ರಮಾಣ ಎಷ್ಟು ಅನ್ನುವುದನ್ನು ಅವು ಸರಿಯಾಗಿ ಹೇಳುವುದಿಲ್ಲ. ಒಂದೇ ಬಣ್ಣದ ಎರಡು ಉತ್ಪನ್ನಗಳ ನಡುವೆಯೂ ಅಜಗಜಾಂತರ ಇರುತ್ತದೆ. ಅದನ್ನು ತಿಳಿಯಲು ಆಸ್ಪತ್ರೆಯ ದಾಖಲೆಯೇ ಬೇಕು.

ಶ್ರೀಲಂಕಾದಲ್ಲಿ ನಿಜಕ್ಕೂ ಏನು ಮಾಡಿದರು?

ಒಂದೇ ದಿನದ ನಿಷೇಧ ಅಲ್ಲ ಅದು. ದಶಕಗಳ ಕೆಲಸ. 1984ರಲ್ಲಿ ಎರಡು ಕೀಟನಾಶಕ ನಿಲ್ಲಿಸಿದರು. 1995ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಅತಿ ಅಪಾಯಕಾರಿ ಅಂತ ಮೊದಲ ವರ್ಗದಲ್ಲಿಟ್ಟಿದ್ದ ಉಳಿದವನ್ನು ತೆಗೆದರು. ಆಮೇಲೆ ಜನ ಬಳಸತೊಡಗಿದ ಎಂಡೋಸಲ್ಫಾನ್ ಹೊಸ ತೊಂದರೆಯಾಗಿ ಕಂಡಿತು. 1998ರಲ್ಲಿ ಅದನ್ನೂ ನಿಲ್ಲಿಸಿದರು. 2008ರಿಂದ 2011ರವರೆಗೆ ಇನ್ನೂ ಮೂರನ್ನು ಹಂತ ಹಂತವಾಗಿ ತೆಗೆದರು.

1990ರ ದಶಕದ ಮಧ್ಯದಲ್ಲಿ ಆ ದೇಶದ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಅಲ್ಲಿಂದ 20 ವರ್ಷದಲ್ಲಿ ಸುಮಾರು ಶೇ. 70ರಷ್ಟು ಇಳಿಯಿತು. ಈ ಅವಧಿಯಲ್ಲಿ ಸುಮಾರು 93,000 ಜೀವ ಉಳಿದಿರಬಹುದು ಅಂತ ಸಂಶೋಧಕರ ಅಂದಾಜು. ಇದರಲ್ಲಿ ಗಮನಿಸಬೇಕಾದ ಮಾತೊಂದಿದೆ. ವಿಷ ಕುಡಿದು ಆಸ್ಪತ್ರೆಗೆ ಬರುವವರ ಸಂಖ್ಯೆ ಅಷ್ಟಾಗಿ ಇಳಿಯಲಿಲ್ಲ. ಬಂದವರು ಬದುಕಿ ಮನೆಗೆ ಹೋಗುವುದು ಜಾಸ್ತಿಯಾಯಿತು. ನಿಮ್ಮ ಜಿಲ್ಲೆಯಲ್ಲೂ ಮೊದಲು ಕಾಣುವ ಬದಲಾವಣೆ ಇದೇ ಇರುತ್ತದೆ. ದಾಖಲಾತಿ ಕಡಿಮೆಯಾಗಲಿಲ್ಲ ಅಂತ ಕಾರ್ಯಕ್ರಮ ಸೋತಿತು ಅನ್ನಬೇಡಿ.

ಇದು ಒಂದು ದ್ವೀಪದ ಕಥೆ ಮಾತ್ರ ಅಲ್ಲ. ಬಾಂಗ್ಲಾದೇಶ 2000ದಲ್ಲಿ ಮೊದಲ ವರ್ಗದ ಕೀಟನಾಶಕಗಳನ್ನು ನಿಲ್ಲಿಸಿತು. ಅಲ್ಲಿ ಕೀಟನಾಶಕದ ಆತ್ಮಹತ್ಯೆ 1996ರಲ್ಲಿ 1 ಲಕ್ಷಕ್ಕೆ 6.3 ಇದ್ದದ್ದು 2014ಕ್ಕೆ 2.2 ಆಯಿತು. ದಕ್ಷಿಣ ಕೊರಿಯಾ ಒಂದೇ ಒಂದು ಕಳೆನಾಶಕದ ನೋಂದಣಿಯನ್ನು 2011ರಲ್ಲಿ ರದ್ದು ಮಾಡಿ, 2012ರಲ್ಲಿ ಮಾರಾಟವನ್ನೂ ನಿಲ್ಲಿಸಿತು. 2011ರಲ್ಲಿ 1 ಲಕ್ಷಕ್ಕೆ 5.26 ಇದ್ದ ಕೀಟನಾಶಕದ ಆತ್ಮಹತ್ಯೆ ಪ್ರಮಾಣ 2013ರಲ್ಲಿ 2.67ಕ್ಕೆ ಬಂತು.

ಬೆಳೆ ಹಾಳಾದರೆ ರೈತ ಇನ್ನಷ್ಟು ಸಾಲಕ್ಕೆ ಬೀಳುತ್ತಾನಲ್ಲ?

ಕೃಷಿ ಇಲಾಖೆಯವರು ಇದನ್ನು ಕೇಳಬೇಕಾದದ್ದೇ. ಶ್ರೀಲಂಕಾದಲ್ಲಿ 1995 ಮತ್ತು 1998ರ ನಿಷೇಧಗಳ ನಂತರ ಭತ್ತ ಮತ್ತು ತರಕಾರಿ ಇಳುವರಿ ನೋಡಿದರು. ನಿಷೇಧದಿಂದ ಇಳುವರಿ ಬಿದ್ದಿದ್ದು ಕಾಣಲಿಲ್ಲ. ಕಾರಣ ಸರಳ. ಪ್ರತಿಯೊಂದನ್ನು ತೆಗೆಯುವ ಮೊದಲು ಅದೇ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಇನ್ನೇನಿದೆ ಅಂತ ನೋಡಿಕೊಂಡಿದ್ದರು.

ನಮ್ಮಲ್ಲಿ ಈ ಕೆಲಸಕ್ಕೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮನೆ ಬಾಗಿಲಲ್ಲೇ ಇದೆ. ಅವರಿಗೆ ಕೇಳಬೇಕಾದ ಪ್ರಶ್ನೆ ಸ್ಪಷ್ಟವಾಗಿರಲಿ. "ಕೀಟನಾಶಕ ಕಡಿಮೆ ಮಾಡುವುದು ಹೇಗೆ" ಅಂತ ಕೇಳಿದರೆ ಉಪನ್ಯಾಸ ಸಿಗುತ್ತದೆ. "ಈ ಉತ್ಪನ್ನವನ್ನು ಸಿಂಧನೂರಿನ ರೈತ ಭತ್ತದಲ್ಲಿ ಯಾವ ಹುಳಕ್ಕೆ ಹೊಡೆಯುತ್ತಾನೆ, ಅದೇ ಹುಳಕ್ಕೆ ಎಕರೆಗೆ ಹೆಚ್ಚುಕಡಿಮೆ ಅದೇ ಖರ್ಚಿನಲ್ಲಿ ಬೇರೆ ಏನಿದೆ" ಅಂತ ಕೇಳಿದರೆ ಉತ್ತರ ಸಿಗುತ್ತದೆ. ಖರ್ಚು ಜಾಸ್ತಿ ಬಂದರೆ ಎಷ್ಟು ಜಾಸ್ತಿ, ಅದನ್ನು ಯಾರು ಹೊರಬೇಕು ಅಂತಲೂ ಬರೆದುಕೊಳ್ಳಿ. ಅದನ್ನು ಮುಚ್ಚಿಟ್ಟು ಮುಂದೆ ಹೋದರೆ ಹೊಲದಲ್ಲಿ ಯೋಜನೆ ನಿಲ್ಲುವುದಿಲ್ಲ.

ಮನೆಗೊಂದು ಬೀಗದ ಪೆಟ್ಟಿಗೆ ಕೊಡೋಣ, ಸುಲಭ ಅಲ್ವಾ?

ಸುಲಭ. ಫೋಟೊ ಚೆನ್ನಾಗಿ ಬರುತ್ತದೆ, ಅನುದಾನವೂ ಬೇಗ ಖರ್ಚಾಗುತ್ತದೆ. ಆದರೆ ಇದರಿಂದ ವಿಷ ಸೇವನೆ ಇಳಿಯಲಿಲ್ಲ ಅನ್ನುವುದಕ್ಕೆ ಗಟ್ಟಿಯಾದ ಆಧಾರ ಇದೆ. ಜಿಲ್ಲೆಯ ದುಡ್ಡನ್ನು ಇದಕ್ಕೆ ಹಾಕಬೇಡಿ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ್ಯದಲ್ಲಿ 180 ಹಳ್ಳಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 90 ಹಳ್ಳಿಗಳ ರೈತ ಮನೆಗಳಿಗೆ ಬೀಗ ಹಾಕುವ ಪೆಟ್ಟಿಗೆ ಕೊಟ್ಟರು. ಉಳಿದ 90ಕ್ಕೆ ಕೊಡಲಿಲ್ಲ. ಎರಡೂ ಕಡೆ ಸೇರಿ 53,000ಕ್ಕೂ ಹೆಚ್ಚು ಮನೆ, 2 ಲಕ್ಷಕ್ಕೂ ಹೆಚ್ಚು ಜನ. ಮೂರು ವರ್ಷ ಗಮನಿಸಿದರು. ಕೀಟನಾಶಕ ಕುಡಿದವರ ಪ್ರಮಾಣ ವರ್ಷಕ್ಕೆ 1 ಲಕ್ಷಕ್ಕೆ ಪೆಟ್ಟಿಗೆ ಇದ್ದ ಕಡೆ 293, ಇಲ್ಲದ ಕಡೆ 318. ಇದು ಆಕಸ್ಮಿಕವಾಗಿಯೂ ಬರಬಹುದಾದ ವ್ಯತ್ಯಾಸ. 2017ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಯಾಕೆ ಹೀಗಾಯಿತು ಅಂತ ನಮ್ಮ ಹಳ್ಳಿ ಮನೆಯನ್ನೇ ನೆನೆದರೆ ತಿಳಿಯುತ್ತದೆ. ಬೀಗದ ಕೈ ಮೊಳೆಗೆ ತೂಗುತ್ತಿರುತ್ತದೆ. ಅದು ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತು. ಸಿಂಪಡಣೆ ಕಾಲದಲ್ಲಿ ದಿನಾ ತೆಗೆದು ಹಾಕುವುದು ಬೇಸರ ಅಂತ ಬೀಗ ಹಾಗೇ ಬಿಡುತ್ತಾರೆ. ಆ ಅಧ್ಯಯನದಲ್ಲೂ ದಿನ ಕಳೆದಂತೆ ಬೀಗ ಹಾಕುವವರು ಕಡಿಮೆಯಾದರು. ಅದಕ್ಕೂ ಹಿಂದಿನ ಒಂದು ಸಣ್ಣ ಪ್ರಯೋಗದಲ್ಲಿ ಇನ್ನೊಂದು ಎಡವಟ್ಟು ಕಂಡಿತ್ತು. ಹೊಲದಲ್ಲಿ ಇಟ್ಟಿದ್ದ ಬಾಟಲಿಗಳನ್ನು ಪೆಟ್ಟಿಗೆ ಬಂತು ಅಂತ ಮನೆಗೇ ತಂದಿಟ್ಟರು. ವಿಷ ಹತ್ತಿರವಾಯಿತು.

ಚಿಕ್ಕ ಮಕ್ಕಳು ತಿಳಿಯದೆ ಕುಡಿಯುವುದನ್ನು ತಡೆಯಲು ಎತ್ತರದಲ್ಲಿ ಬೀಗ ಹಾಕಿ ಇಡಿ ಅಂತ ಹೇಳುವುದು ಸರಿಯೇ. ಅದನ್ನು ಆತ್ಮಹತ್ಯೆ ತಡೆ ಕಾರ್ಯಕ್ರಮ ಅಂತ ಕರೆಯುವುದು ಸರಿಯಲ್ಲ.

ಊರಿಗೆಲ್ಲ ಒಂದೇ ದಾಸ್ತಾನು ಕೊಠಡಿ ಮಾಡಿದರೆ?

ಇದು ಬೇರೆ ಮಾತು. ತಮಿಳುನಾಡಿನ ಕಡಲೂರು ಜಿಲ್ಲೆಯ ಕಾಟ್ಟುಮನ್ನಾರ್‌ಕೋಯಿಲ್ ಬಳಿ ಎರಡು ಹಳ್ಳಿಗಳಲ್ಲಿ ಇದನ್ನು ಮಾಡಿ ನೋಡಿದರು. ವಾಸದ ಮನೆಗಳಿಂದ ಬೇರೆಯಾಗಿ ಒಂದು ಕೊಠಡಿ. ರೈತರಿಗೆ ಅಲ್ಲಿ ಬೀಗದ ಗೂಡುಗಳು. ನೋಡಿಕೊಳ್ಳಲು ಒಬ್ಬರು. ಬೇಕಾದಾಗ ಹೋಗಿ ತೆಗೆದುಕೊಂಡು, ಉಳಿದದ್ದನ್ನು ವಾಪಸ್ ತಂದಿಡುವುದು. ಪಕ್ಕದ ಹೋಲಿಕೆಯ ಹಳ್ಳಿಗಳಿಗಿಂತ ಇಲ್ಲಿ ಕೀಟನಾಶಕದ ಆತ್ಮಹತ್ಯೆ ಹೆಚ್ಚು ಇಳಿಯಿತು ಅಂತ 2013ರಲ್ಲಿ ವರದಿ ಮಾಡಿದರು.

ಆಸೆ ಹುಟ್ಟಿಸುವ ಫಲಿತಾಂಶ. ಆದರೆ ಹಳ್ಳಿಗಳು ಬಹಳ ಕಡಿಮೆ. ಹೀಗಾಗಿ ಇಡೀ ಜಿಲ್ಲೆಗೆ ಹರಡುವಷ್ಟು ಆಧಾರ ಇದಲ್ಲ. ನಮ್ಮ ಕಡೆ ಇನ್ನೊಂದು ತೊಡಕಿದೆ. ಕಾಲುವೆ ಕೆಳಗಿನ ಊರುಗಳಲ್ಲಿ ಬಹಳ ಹೊಲಗಳು ಲಾವಣಿಗೆ ಹೋಗಿರುತ್ತವೆ. ಎಣ್ಣೆ ಹೊಡೆಯುವುದು ಕೂಲಿಯವರು, ತರುವುದು ಲಾವಣಿದಾರ, ಬಾಟಲಿ ಉಳಿಯುವುದು ಎಲ್ಲೋ. ಕೊಠಡಿಯ ಗೂಡು ಯಾರ ಹೆಸರಿಗೆ ಅನ್ನುವಲ್ಲೇ ಗೊಂದಲ ಶುರುವಾಗುತ್ತದೆ. ಸಹಕಾರ ಸಂಘ ಗಟ್ಟಿಯಾಗಿರುವ, ಜನ ತಾವೇ ಮುಂದೆ ಬಂದ ಊರಿದ್ದರೆ ಮಾಡಿ ನೋಡಬಹುದು.

ಜಿಲ್ಲೆಗೆ ನಿಷೇಧಿಸುವ ಅಧಿಕಾರವೇ ಇಲ್ಲವಲ್ಲ, ನಾವೇನು ಮಾಡುವುದು?

ನಿಜ, ಇಲ್ಲ. 1968ರ ಕೀಟನಾಶಕ ಕಾಯ್ದೆಯಲ್ಲಿ ಶಾಶ್ವತವಾಗಿ ನಿಲ್ಲಿಸುವ ಅಧಿಕಾರ ಕೇಂದ್ರದ್ದು. 2018ರ ಆಗಸ್ಟ್‌ನಲ್ಲಿ ಕೇಂದ್ರ 18 ಕೀಟನಾಶಕಗಳನ್ನು ಹಾಗೆ ನಿಷೇಧಿಸಿತು. ಅವುಗಳಲ್ಲಿ 6ಕ್ಕೆ 2020ರ ಕೊನೆಯವರೆಗೆ ಸಮಯ ಕೊಟ್ಟಿತ್ತು. 2020ರ ಮೇನಲ್ಲಿ ಇನ್ನೂ 27ರ ಕರಡು ಹೊರಡಿಸಿತು. ರಾಜ್ಯ ಸರ್ಕಾರಕ್ಕೆ ಅದೇ ಕಾಯ್ದೆಯ 27ನೇ ಕಲಮಿನಡಿ ತನಿಖೆ ನಡೆಯುವಾಗ 60 ದಿನದವರೆಗೆ ಮಾರಾಟ ತಡೆಯುವ ಅಧಿಕಾರ ಇದೆ. ತನಿಖೆ ಮುಗಿಯದಿದ್ದರೆ ಇನ್ನು 30 ದಿನ. ಅಷ್ಟೇ.

60 ದಿನ ಅಂದರೆ ಒಂದು ಹಂಗಾಮಿನ ಸಿಂಪಡಣೆ ಕಾಲವೂ ಪೂರ್ತಿ ಆಗದು. ಹಾಗಿದ್ದರೂ ಜಿಲ್ಲೆಯ ಕೈಯಲ್ಲಿ ಬೇರೆ ಯಾರ ಬಳಿಯೂ ಇಲ್ಲದ ಒಂದು ವಸ್ತುವಿದೆ. ಯಾವ ಉತ್ಪನ್ನದಿಂದ ಎಷ್ಟು ಜನ ಸಾಯುತ್ತಿದ್ದಾರೆ ಅನ್ನುವ ಲೆಕ್ಕ ಅದು. ರಾಜ್ಯ ಮತ್ತು ಕೇಂದ್ರದ ಮೇಜಿನ ಮೇಲೆ ಈ ಲೆಕ್ಕ ಇಲ್ಲದಿದ್ದರೆ, ಅಲ್ಲಿ ಉಳಿಯುವುದು ಕಂಪನಿಗಳ ಇಳುವರಿ ಮಾತು ಮಾತ್ರ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ 2021ರ ವರದಿಯಲ್ಲಿ ಆತ್ಮಹತ್ಯೆಗಳ ನಾಲ್ಕರಲ್ಲಿ ಒಂದು ಪಾಲು ವಿಷದಿಂದ ಅಂತ ಇದೆ. ಯಾವ ಉತ್ಪನ್ನದಿಂದ ಅಂತ ಅದರಲ್ಲಿ ಇಲ್ಲ. ಅದನ್ನು ಹೇಳಬಲ್ಲವರು ಸಿಂಧನೂರು, ಗಂಗಾವತಿಯ ತುರ್ತು ಚಿಕಿತ್ಸಾ ಕೊಠಡಿಯವರು.

ಆ ಲೆಕ್ಕ ತೆಗೆಯುವುದು ಹೇಗೆ? ಆಸ್ಪತ್ರೆ ರಿಜಿಸ್ಟರ್ ಇದೆಯಲ್ಲ?

ಇದೆ. ಆದರೆ ತೆರೆದು ನೋಡಿ. ಸಾಲು ಸಾಲಾಗಿ "ಓಪಿ", ಅಂದರೆ ಆರ್ಗನೊಫಾಸ್ಫೇಟ್ ಗುಂಪಿನ ಯಾವುದೋ ಒಂದು, ಅಥವಾ "ಅಜ್ಞಾತ ವಿಷ" ಅಂತ ಇರುತ್ತದೆ. ಚಿಕಿತ್ಸೆ ಶುರು ಮಾಡಲು ವೈದ್ಯರಿಗೆ ಅಷ್ಟು ಸಾಕಾಗಬಹುದು. ಯೋಜನೆ ಮಾಡಲು ಸಾಲದು.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಇದರ ಅಂಕಿಗಳು ವಿಧಾನ ತಿಳಿಯಲಿ ಅಂತ ಹಾಕಿದ ಊಹೆಯವು, ಯಾವ ಆಸ್ಪತ್ರೆಯವೂ ಅಲ್ಲ.

ಒಂದು ತಾಲ್ಲೂಕು ಆಸ್ಪತ್ರೆಗೆ ವರ್ಷದಲ್ಲಿ ಕೀಟನಾಶಕ ಕುಡಿದ 120 ಜನ ಬಂದರು ಅಂದುಕೊಳ್ಳಿ. ರಿಜಿಸ್ಟರ್‌ನಲ್ಲಿ 3 ಸಾವು. ಉಳಿದವರ ಮುಂದೆ "ಬಿಡುಗಡೆ" ಅಥವಾ "ಮುಂದಿನ ಆಸ್ಪತ್ರೆಗೆ". ಇದನ್ನೇ ನಂಬಿದರೆ ನೂರಕ್ಕೆ ಎರಡೂವರೆ ಸಾವು, ಪರವಾಗಿಲ್ಲ ಅನಿಸುತ್ತದೆ. ಮೊದಲ ಮೋಸ ಇಲ್ಲೇ ಇದೆ. ಗಂಭೀರವಾಗಿದ್ದವರನ್ನೆಲ್ಲ ರಾಯಚೂರಿಗೋ ಬಳ್ಳಾರಿಗೋ ಕಳಿಸಿದ್ದಾರೆ. ಕೆಲವರನ್ನು ಮನೆಯವರೇ ಬಿಡಿಸಿಕೊಂಡು ಕರ್ನೂಲು, ಹೈದರಾಬಾದ್ ಕಡೆ ಹೋಗಿದ್ದಾರೆ. ಅವರ ಹೆಸರು ಹಿಡಿದು ದೊಡ್ಡ ಆಸ್ಪತ್ರೆಯ ದಾಖಲೆ ಮತ್ತು ಠಾಣೆಯ ಅಸಹಜ ಸಾವಿನ ಪಟ್ಟಿ ನೋಡಿದಾಗ ಇನ್ನೂ 9 ಸಾವು ಸಿಗುತ್ತವೆ. ಒಟ್ಟು 12. ನೂರಕ್ಕೆ ಹತ್ತು.

ಈಗ ಉತ್ಪನ್ನದ ಲೆಕ್ಕ. ಮನೆಯವರು ತಂದ ಬಾಟಲಿ, ಫೋನಿನಲ್ಲಿ ತೆಗೆದ ಲೇಬಲ್ ಫೋಟೊ, ಠಾಣೆಯ ಪಂಚನಾಮೆ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಇವನ್ನು ಕೂಡಿಸಿ ಬ್ರಾಂಡ್ ಹೆಸರಿನಿಂದ ಒಳಗಿನ ರಾಸಾಯನಿಕಕ್ಕೆ ಬನ್ನಿ. ಒಂದೇ ರಾಸಾಯನಿಕ ಹತ್ತಾರು ಬ್ರಾಂಡಿನಲ್ಲಿ ಸಿಗುವುದರಿಂದ ಈ ಹೆಜ್ಜೆ ಬಿಟ್ಟರೆ ಎಲ್ಲ ಚೂರುಚೂರಾಗಿ ಏನೂ ಕಾಣುವುದಿಲ್ಲ. ಹೀಗೆ ಮಾಡಿದಾಗ "ಅ" ಅನ್ನುವ ಉತ್ಪನ್ನ ಕುಡಿದವರು 20 ಜನ, ಅವರಲ್ಲಿ 7 ಸಾವು. "ಆ" ಕುಡಿದವರು 50, ಸಾವು 2. ಉಳಿದವೆಲ್ಲ ಸೇರಿ 50 ಜನ, ಸಾವು 3.

ಬಂದವರಲ್ಲಿ ಆರನೇ ಒಂದು ಪಾಲು ಮಾತ್ರ "ಅ" ಕುಡಿದಿದ್ದಾರೆ. ಆದರೆ ಸಾವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದರದ್ದೇ. ಆ 20 ಜನರ ಮನೆಯಲ್ಲಿ "ಅ" ಬದಲು "ಆ" ಇದ್ದಿದ್ದರೆ? ಅದರ ಪ್ರಮಾಣ ನೂರಕ್ಕೆ 4. ಇಪ್ಪತ್ತರಲ್ಲಿ ಸುಮಾರು 1 ಸಾವು. ತಾಲ್ಲೂಕಿನ ಒಟ್ಟು ಸಾವು 12ರಿಂದ 6ಕ್ಕೆ ಬರುತ್ತಿತ್ತು. ಯಾರ ಮನಸ್ಸೂ ಬದಲಾಗಿಲ್ಲ, ಯಾರ ಸಾಲವೂ ತೀರಿಲ್ಲ, ಆದರೂ ಆರು ಜನ ಮನೆಗೆ ಹೋಗಿದ್ದಾರೆ.

ಎಚ್ಚರಿಕೆ ಒಂದಿದೆ. 20 ಜನರ ಲೆಕ್ಕ ಸಣ್ಣದು. ಎರಡು ಸಾವು ಆಚೀಚೆ ಆದರೂ ಪ್ರಮಾಣ ಬಹಳ ಬದಲಾಗುತ್ತದೆ. ಅದಕ್ಕೇ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆ ಒಂದೇ ನಮೂನೆಯಲ್ಲಿ ಕನಿಷ್ಠ ಎರಡು ವರ್ಷ ಬರೆದು ಕೂಡಿಸಬೇಕು. ಬೆಳೆ ಒಂದೇ, ಅಂಗಡಿಗಳಿಗೆ ಮಾಲು ಬರುವ ದಾರಿಯೂ ಬಹುಪಾಲು ಒಂದೇ.

ನಮೂನೆ ದೊಡ್ಡದಾಗಬಾರದು. ಬ್ರಾಂಡ್ ಹೆಸರು, ರಾಸಾಯನಿಕ, ಎಲ್ಲಿಂದ ಸಿಕ್ಕಿತು (ಮನೆ, ಹೊಲ, ಪಕ್ಕದವರು, ಅಂಗಡಿ), ಕಳಿಸಿದ ಆಸ್ಪತ್ರೆ, ಕೊನೆಗೆ ಏನಾಯಿತು. ಇಷ್ಟೇ ಸಾಕು. ರಾತ್ರಿ ಪಾಳಿಯ ಶುಶ್ರೂಷಕಿಗೆ ಎರಡು ನಿಮಿಷದಲ್ಲಿ ತುಂಬಲು ಆಗಬೇಕು. "ಕೊನೆಗೆ ಏನಾಯಿತು" ಅನ್ನುವುದನ್ನು ತಿಂಗಳಿಗೊಮ್ಮೆ ಫೋನ್ ಮಾಡಿ ತುಂಬಲು ಜಿಲ್ಲಾ ಕಚೇರಿಯಲ್ಲಿ ಒಬ್ಬರನ್ನು ಗೊತ್ತುಮಾಡಿರಬೇಕು. ಎಲ್ಲರ ಕೆಲಸ ಅಂತ ಬಿಟ್ಟರೆ ಯಾರೂ ಮಾಡುವುದಿಲ್ಲ.

ರೈತರ ಆತ್ಮಹತ್ಯೆ ಪರಿಹಾರದ ಪಟ್ಟಿ ಇದೆಯಲ್ಲ, ಅದನ್ನೇ ಬಳಸಬಾರದೇ?

ಬೇಡ. ಅದು ಪರಿಹಾರಕ್ಕೆ ಅರ್ಹರು ಯಾರು ಅನ್ನುವ ಪಟ್ಟಿ. ಹೆಸರಿನಲ್ಲಿ ಪಹಣಿ ಇಲ್ಲದ ಹೆಂಗಸರು, ಕೂಲಿಯವರು, ಕಾಲೇಜು ಹುಡುಗರು ಅದರಲ್ಲಿ ಬರುವುದು ಕಡಿಮೆ. ಎಣ್ಣೆ ಬಾಟಲಿ ಮಾತ್ರ ಇವರೆಲ್ಲರ ಕೈಗೂ ಸಿಗುತ್ತದೆ. ಬದುಕಿದವರಂತೂ ಆ ಪಟ್ಟಿಯಲ್ಲಿ ಇರುವುದೇ ಇಲ್ಲ.

ಗೊಬ್ಬರದ ಅಂಗಡಿಯವರಿಂದ ಏನು ಕೇಳಬಹುದು?

ಶ್ರೀಲಂಕಾದ ಅಧ್ಯಯನಗಳಲ್ಲಿ ಕೀಟನಾಶಕ ಕುಡಿದವರಲ್ಲಿ ಸುಮಾರು ಶೇ. 14ರಿಂದ 20 ಜನ ಅದನ್ನು ಆಗಷ್ಟೇ ಅಂಗಡಿಯಿಂದ ತಂದಿದ್ದರು. ಉಳಿದವರಿಗೆ ಮನೆ, ಹೊಲದಲ್ಲೇ ಸಿಕ್ಕಿತ್ತು. ಅಂದರೆ ಅಂಗಡಿಯಿಂದ ಆಗುವ ತಡೆಗೆ ಒಂದು ಮಿತಿ ಇದೆ, ಆದರೂ ಅದು ಸಣ್ಣದಲ್ಲ.

ಸಾರಾಯಿ ಕುಡಿದು ಬಂದವರಿಗೆ, ಯಾವ ಬೆಳೆ, ಯಾವ ಹುಳ ಅಂತ ಹೇಳಲಾಗದವರಿಗೆ, ಮಕ್ಕಳಿಗೆ ಕೊಡಬಾರದು. "ಯಾವ ಬೆಳೆಗೆ, ಎಷ್ಟು ಎಕರೆ?" ಅನ್ನುವ ಮಾಮೂಲಿ ಪ್ರಶ್ನೆಯೇ ಸಾಕಷ್ಟು ಕೆಲಸ ಮಾಡುತ್ತದೆ. ಅಣ್ಣಾ, ಅಕ್ಕಾ ಅಂತ ಮಾತಾಡಿಸಿ, ನಾಳೆ ಬನ್ನಿ ಅಂತ ಕಳಿಸಿದರೂ ಆ ಬಿಕ್ಕಟ್ಟಿನ ಹೊತ್ತು ದಾಟಬಹುದು. ಅಂಗಡಿಯವರು ಊರಿನವರೇ. ಗಿರಾಕಿಯ ಮುಖ ನೋಡಿದರೆ ಅವರಿಗೆ ತಿಳಿಯುತ್ತದೆ.

ಇದಕ್ಕಿಂತ ಕಡಿಮೆ ಮಾತಾಡುವ ವಿಷಯ ಉದ್ರಿ. ಹಂಗಾಮಿನ ಆರಂಭದಲ್ಲೇ ಇಡೀ ಬೆಳೆಗೆ ಬೇಕಾದದ್ದನ್ನು ಉದ್ರಿ ಬರೆಸಿ ಒಯ್ಯುವುದು ನಮ್ಮಲ್ಲಿ ರೂಢಿ. ಅರ್ಧ ಉಳಿದ ಬಾಟಲಿಗಳು ವರ್ಷವಿಡೀ ಮನೆಯಲ್ಲೇ ಇರುತ್ತವೆ. ಆಯಾ ಸಿಂಪಡಣೆಗೆ ಬೇಕಾದಷ್ಟೇ ಕೊಡುವುದು, ಸೀಲ್ ಒಡೆಯದ್ದನ್ನು ವಾಪಸ್ ತೆಗೆದುಕೊಂಡು ಲೆಕ್ಕದಲ್ಲಿ ಕಳೆಯುವುದು, ಇವೆರಡಕ್ಕೆ ಅಂಗಡಿಯವರು ಒಪ್ಪಿದರೆ ಮನೆಯ ದಾಸ್ತಾನು ಇಳಿಯುತ್ತದೆ. ರೈತನ ಬಾಕಿಯೂ ಅಷ್ಟರ ಮಟ್ಟಿಗೆ ಇಳಿಯುತ್ತದೆ.

ಪರವಾನಗಿ ಕೃಷಿ ಇಲಾಖೆಯ ಕೈಯಲ್ಲಿದೆ. ನಿಷೇಧ ಆಗಿರುವ ಹಳೆಯ ಮಾಲು, ಪರವಾನಗಿ ಇಲ್ಲದೆ ಕಿರಾಣಿ ಅಂಗಡಿ ಮತ್ತು ಸಂತೆಯಲ್ಲಿ ಬಿಡಿಯಾಗಿ ಮಾರುವುದು, ಬೇರೆ ಬಾಟಲಿಗೆ ಸುರಿದು ಕೊಡುವುದು ಇವುಗಳ ಮೇಲೆ ತಪಾಸಣೆಗೆ ಹೊಸ ಕಾನೂನು ಬೇಕಿಲ್ಲ. ಕೀಟನಾಶಕ ಪರಿವೀಕ್ಷಕರ ತಿಂಗಳ ಪ್ರವಾಸದಲ್ಲಿ ಸೇರಿಸಿದರೆ ಸಾಕು.

ಚಿಕಿತ್ಸೆ ಚೆನ್ನಾಗಿ ಮಾಡಿದರೆ ಸಾಲದೇ?

ಚಿಕಿತ್ಸೆ ಬೇಕೇ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಅಟ್ರೊಪಿನ್ ಅನ್ನುವ ಪ್ರತಿವಿಷ ಸಾಕಷ್ಟು ಇದೆಯೇ, ಆಮ್ಲಜನಕ ಇದೆಯೇ, ರಾತ್ರಿ ಉಸಿರಿನ ಕೊಳವೆ ಹಾಕಬಲ್ಲವರು ಇದ್ದಾರೆಯೇ, 108 ಎಷ್ಟು ಹೊತ್ತಿಗೆ ಬರುತ್ತದೆ, ಇವನ್ನು ಸಿಂಪಡಣೆ ಕಾಲಕ್ಕೆ ಮುಂಚೆ ಪರೀಕ್ಷಿಸಿ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ, ನೇರ ಆಸ್ಪತ್ರೆಗೆ ಬನ್ನಿ, ಬಾಟಲಿ ಜೊತೆಗೆ ತನ್ನಿ ಅಂತ ಆಶಾ ಕಾರ್ಯಕರ್ತೆಯರ ಮೂಲಕ ಹೇಳಿಸಿ. ಆದರೆ ಕೆಲವು ಉತ್ಪನ್ನಗಳಿಗೆ ಪರಿಣಾಮಕಾರಿ ಪ್ರತಿವಿಷವೇ ಇಲ್ಲ. ಅಲ್ಲಿ ಎಷ್ಟೇ ಒಳ್ಳೆಯ ವಾರ್ಡ್ ಇದ್ದರೂ ಕೈ ಸೋಲುತ್ತದೆ. ಅಂಥವನ್ನು ಅಂಗಡಿಯಿಂದ ತೆಗೆಸದೆ ಬೇರೆ ದಾರಿಯಿಲ್ಲ.

ಬದುಕಿ ಮನೆಗೆ ಹೋಗುವವರಿಗೆ?

ಬಿಡುಗಡೆ ದಿನ ಮನೆಯ ಒಬ್ಬ ಹಿರಿಯರನ್ನು ಕೂರಿಸಿಕೊಂಡು, ಮನೆಯಲ್ಲಿ ಏನೇನು ಉಳಿದಿದೆ, ಎಲ್ಲಿದೆ ಅಂತ ಕೇಳಬೇಕು. ಮುಂದಿನ ಕೆಲವು ತಿಂಗಳು ಅವು ಆ ಮನೆಯಲ್ಲಿ ಇರಬಾರದು. ಅಂಗಡಿಗೆ ವಾಪಸ್, ಅಥವಾ ಬೇರೆ ಊರಿನ ಸಂಬಂಧಿಕರ ಹೊಲದ ಕೋಣೆಗೆ. ಚರಂಡಿಗೋ ಕಾಲುವೆಗೋ ಸುರಿಯಬಾರದು. ಇದನ್ನು ಯಾರ ಮೇಲೂ ತಪ್ಪು ಹೊರಿಸದ ದನಿಯಲ್ಲಿ ಹೇಳಬೇಕು.

ಆಮೇಲಿನ ಸಂಪರ್ಕವೂ ಜೀವ ಉಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿ ಐದು ಕಡೆ ಇದನ್ನು ಪರೀಕ್ಷಿಸಿತ್ತು. ಆಸ್ಪತ್ರೆಯಲ್ಲೇ ಒಂದು ಗಂಟೆ ಮಾತು, ನಂತರ 18 ತಿಂಗಳಲ್ಲಿ 9 ಬಾರಿ ಫೋನ್ ಅಥವಾ ಭೇಟಿ. ಹೀಗೆ ಮಾಡಿದವರಲ್ಲಿ ಆತ್ಮಹತ್ಯೆಯ ಸಾವು ಶೇ. 0.2. ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ ಶೇ. 2.2. ತರಬೇತಿ ಪಡೆದ ಶುಶ್ರೂಷಕಿ ಅಥವಾ ಆಪ್ತ ಸಮಾಲೋಚಕರು ಮಾಡಬಹುದಾದ ಕೆಲಸ ಇದು.

ಪೊಲೀಸ್ ಕೇಸ್ ಆಗುತ್ತದೆ ಅಂತ ಜನ ಸುಳ್ಳು ಹೇಳುತ್ತಾರೆ. ದಾಖಲೆ ಸರಿ ಬರುವುದು ಹೇಗೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆಯ ಎಂಎಲ್‌ಸಿ ಅಂದರೆ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ ಮುಂದುವರಿಯುತ್ತದೆ, ಆದರೆ ಅದು ಅಪರಾಧಿ ಅನ್ನುವ ಮುದ್ರೆ ಅಲ್ಲ. ಈ ಮಾತನ್ನು ತುರ್ತು ಕೊಠಡಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. "ಕೆಮ್ಮಿನ ಔಷಧಿ ಅಂತ ತಪ್ಪಿ ಕುಡಿದರು" ಅನ್ನುವ ಹೇಳಿಕೆಗಳು ಕಡಿಮೆಯಾಗುತ್ತವೆ.

ಬೇರೆ ವಿಧಾನಗಳ ಬಗ್ಗೆ ಏನೂ ಮಾಡುವುದಿಲ್ಲವೇ?

ನೇಣು ದೇಶದಲ್ಲಿ ಅತಿ ಹೆಚ್ಚಿನ ಪಾಲು, ಆದರೆ ಅದರ ಸಾಮಗ್ರಿಯನ್ನು ಊರಲ್ಲಿ ತಡೆಯಲು ಆಗುವುದಿಲ್ಲ. ಆಸ್ಪತ್ರೆ ವಾರ್ಡ್, ಹಾಸ್ಟೆಲ್, ಲಾಕಪ್‌ನಂಥ ಕಡೆ ಕೊಠಡಿಯ ಜೋಡಣೆ ಬದಲಿಸಬಹುದು. ಕಾಲುವೆ, ಸೇತುವೆಗಳಲ್ಲಿ ಪದೇ ಪದೇ ಘಟನೆ ನಡೆಯುವ ಜಾಗ ಠಾಣೆಗೆ ಗೊತ್ತಿರುತ್ತದೆ. ಅಲ್ಲಿ ತಡೆಬೇಲಿ, ದೀಪ. ಆರೋಗ್ಯ ಇಲಾಖೆಯ ಕೈಯಲ್ಲೇ ಇರುವುದು ಮಾತ್ರೆಗಳು. ಹಿಂದೆ ಪ್ರಯತ್ನಿಸಿದವರಿಗೆ ತಿಂಗಳ ಮಾತ್ರೆ ಒಟ್ಟಿಗೆ ಕೊಡುವ ಬದಲು ವಾರಕ್ಕೊಮ್ಮೆ, ಮನೆಯವರ ಕೈಗೆ ಕೊಡಿ.

ಫಲ ಸಿಕ್ಕಿತು ಅಂತ ಯಾವಾಗ, ಹೇಗೆ ತಿಳಿಯುವುದು?

2022ರ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ 2020ಕ್ಕೆ ಹೋಲಿಸಿ 2030ರೊಳಗೆ ಶೇ. 10ರಷ್ಟು ಇಳಿಕೆ ಕೇಳುತ್ತದೆ. ಜಿಲ್ಲೆಯಲ್ಲಿ ವರ್ಷ ವರ್ಷದ ಏರಿಳಿತವೇ ಅದಕ್ಕಿಂತ ಜಾಸ್ತಿ ಇರಬಹುದು. ಹಾಗಾಗಿ ಒಂದು ವರ್ಷದ ಸಾವಿನ ಸಂಖ್ಯೆ ನೋಡಿ ಬೆನ್ನು ತಟ್ಟಿಕೊಳ್ಳುವುದೂ ಬೇಡ, ಕೈಬಿಡುವುದೂ ಬೇಡ.

ಮೊದಲ ವರ್ಷ ನೋಡಬೇಕಾದ್ದು ದಾಖಲೆಯಲ್ಲಿ ಉತ್ಪನ್ನದ ಹೆಸರು ಎಷ್ಟು ಕಡೆ ಇದೆ ಅನ್ನುವುದು. ಎರಡನೇ ವರ್ಷ, ಬೇರೆ ಆಸ್ಪತ್ರೆಗೆ ಕಳಿಸಿದ ಎಷ್ಟು ಜನರ ಕೊನೆಯ ಸ್ಥಿತಿ ಗೊತ್ತಾಗಿದೆ ಅನ್ನುವುದು. ನಂತರ ಬಂದವರಲ್ಲಿ ಎಷ್ಟು ಪಾಲು ಸಾಯುತ್ತಿದ್ದಾರೆ ಅನ್ನುವುದನ್ನು ಉತ್ಪನ್ನವಾರು ನೋಡಿ. ಒಂದನ್ನು ನಿಲ್ಲಿಸಿದ ಮೇಲೆ ಅದರ ಜಾಗಕ್ಕೆ ಬಂದ ಹೊಸದರ ಮೇಲೆ ವಿಶೇಷ ಕಣ್ಣಿರಲಿ. ಶ್ರೀಲಂಕಾದಲ್ಲಿ 1995ರ ನಂತರ ಎಂಡೋಸಲ್ಫಾನ್ ಹಾಗೆಯೇ ಮೇಲೆ ಬಂತು, ಅಲ್ಲಿನ ವೈದ್ಯರ ದಾಖಲೆ ಸರಿಯಿದ್ದದ್ದರಿಂದ ಮೂರು ವರ್ಷದೊಳಗೆ ಅದನ್ನೂ ನಿಲ್ಲಿಸಲು ಆಯಿತು.